ಕುಡಿಕೆಯ ಚಿತ್ರ ಮತ್ತು ಅಳತೆಯ ದಾರ
(ರಾಯದುರ್ಗದ ಪೋಷಕರ ಸಭೆಯಲ್ಲಿ ಆಡಿದ ಮಾತು)



ಕಳೆದ ತಿಂಗಳು ಮಡಕಶಿರಾ ಕಡೆಯ ತಂದೆಯೊಬ್ಬರು ಮಗಳ ಡ್ರಾಯಿಂಗ್ ಪುಸ್ತಕ ಹಿಡಿದು ಬಂದರು. "ಜುಲೈದು ಎಷ್ಟು ಚೊಕ್ಕಟವಾಗಿತ್ತು ಮೇಷ್ಟ್ರೇ, ಸೆಪ್ಟೆಂಬರಿನದು ಮಸಿ ಬಳಿದಂಗಿದೆ. ಬಿಡಿಸಿಬಿಡೋಣ ಅಂತಿದೀನಿ" ಎಂದರು. ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆವು. ಮೂರೂ ಅದೇ ಮಣ್ಣಿನ ಕುಡಿಕೆ, ಅದೇ ಎಚ್‌ಬಿ ಪೆನ್ಸಿಲ್. ಇದು ಮುಖ್ಯ. ಒಂದು ತಿಂಗಳು ಎಚ್‌ಬಿ, ಇನ್ನೊಂದು ತಿಂಗಳು ೪ಬಿ ಕೊಟ್ಟರೆ ಕಪ್ಪು ಹೆಚ್ಚಿದ್ದು ಪೆನ್ಸಿಲಿನಿಂದಲೋ ಕೈಯಿಂದಲೋ ತಿಳಿಯುವುದಿಲ್ಲ.

ಮೊದಲು ಅಳತೆ. ಆ ಕುಡಿಕೆಯ ಎತ್ತರ 15 ಸೆಂ.ಮೀ., ಹೊಟ್ಟೆಯ ಅಗಲವೂ 15, ಬಾಯಿ 8. ಅಂದರೆ ಎತ್ತರ ಅಗಲ ಸಮ, ಬಾಯಿ ಹೊಟ್ಟೆಯ ಅರ್ಧಕ್ಕಿಂತ ತುಸು ಹೆಚ್ಚು. ಚಿತ್ರದ ಮೇಲೆ ಒಂದು ದಾರ ಇಟ್ಟು ನೋಡಿದೆವು. ಜುಲೈ ಚಿತ್ರದಲ್ಲಿ ಎತ್ತರ 12, ಹೊಟ್ಟೆ 9, ಬಾಯಿ 7. ಕುಡಿಕೆ ಹೂಜಿಯಂತೆ ಉದ್ದವಾಗಿತ್ತು. ಸೆಪ್ಟೆಂಬರಿನಲ್ಲಿ 12, 11, 7. ಡಿಸೆಂಬರಿನಲ್ಲಿ 10, 10, 5.5. ಚಿತ್ರ ಚಿಕ್ಕದಾಯಿತು, ಆದರೆ ಪ್ರಮಾಣ ಸರಿಹೋಯಿತು.

ಬಾಯಿಯ ಆಕಾರವನ್ನೂ ನೋಡಿ. ಜುಲೈನಲ್ಲಿ ಬಾಯಿ ಪೂರ್ಣ ದುಂಡಗೆ, ತಳ ಮಾತ್ರ ಸ್ಕೇಲಿನಿಂದ ಎಳೆದಂತೆ ನೆಟ್ಟಗೆ. ಮಗು ಕಂಡದ್ದನ್ನಲ್ಲ, ತನಗೆ ಗೊತ್ತಿದ್ದದ್ದನ್ನು ಬರೆದಿತ್ತು. ಬಾಯಿ ದುಂಡಗಿದೆ, ಕುಡಿಕೆ ನೆಲದ ಮೇಲೆ ಕೂತಿದೆ ಎಂಬುದು ಅವಳಿಗೆ ಗೊತ್ತು. ಸ್ವಲ್ಪ ಮೇಲಿನಿಂದ ನೋಡುವವರಿಗೆ ಬಾಯಿ ಚಪ್ಪಟೆ ಅಂಡಾಕಾರವಾಗಿಯೂ, ತಳದ ಗೆರೆ ಕೆಳಕ್ಕೆ ಬಾಗಿಯೂ ಕಾಣುತ್ತದೆ. ಸೆಪ್ಟೆಂಬರಿನ ಚಿತ್ರದಲ್ಲಿ ಎರಡೂ ಬಾಗಿದ್ದವು, ಅಂಕುಡೊಂಕಾಗಿಯಾದರೂ.

ಇನ್ನು ಆ ಮಸಿ. ಜುಲೈನಲ್ಲಿ ನೆರಳೇ ಇರಲಿಲ್ಲ, ಸುತ್ತ ಗಾಢವಾದ ಗೆರೆ ಮಾತ್ರ. ಅದೇ ತಂದೆಗೆ ಚೊಕ್ಕಟವಾಗಿ ಕಂಡದ್ದು. ಸೆಪ್ಟೆಂಬರಿನಲ್ಲಿ ಅವಳು ಬಲಭಾಗವನ್ನೆಲ್ಲ ಒಂದೇ ಸಮ ಕಪ್ಪು ಮಾಡಿ ಬೆರಳಿನಿಂದ ಉಜ್ಜಿದ್ದಳು. ಕೊಳಕಾಯಿತು ನಿಜ, ಆದರೆ ಬೆಳಕು ಎಡಗಡೆಯ ಕಿಟಕಿಯಿಂದ ಬರುತ್ತಿದೆ ಎಂಬುದನ್ನು ಅವಳು ಗಮನಿಸಿದ್ದು ಆಗಲೇ. ಡಿಸೆಂಬರಿನಲ್ಲಿ ಗೆರೆಗಳ ಮೇಲೆ ಗೆರೆ ಎಳೆದು, ಎಡದಿಂದ ಬಲಕ್ಕೆ ಮೆಲ್ಲಗೆ ಕಪ್ಪೇರಿಸಿದ್ದಾಳೆ. ತೀರಾ ಬಲದ ಅಂಚಿನಲ್ಲಿ ಒಂದು ಎಳೆಯಷ್ಟು ತೆಳುಪು ಉಳಿಸಿದ್ದಾಳೆ. ಮೇಜಿನಿಂದ ಪುಟಿದ ಬೆಳಕು ಅದು. ಯಾರೂ ಹೇಳಿಕೊಟ್ಟಿರಲಿಲ್ಲ! ನೆಲದ ನೆರಳೂ ಕುಡಿಕೆಯ ಬುಡದಲ್ಲಿ ಹೆಚ್ಚು ಕಪ್ಪಾಗಿ, ದೂರ ಹೋದಂತೆ ತಿಳಿಯಾಗಿದೆ.

ಒಂದು ಎಚ್ಚರ. ನೇರ ಬಿಸಿಲಲ್ಲಿ ಬರೆಸಿದ್ದರೆ ನೆರಳಿನ ಉದ್ದವನ್ನು ಹೋಲಿಸಬೇಡಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಧ್ಯಾಹ್ನದ ನೆರಳು ತಾನಾಗಿಯೇ ಉದ್ದ. ಬಿಸಿಲು ಬೀಳದ ಒಂದೇ ಕಿಟಕಿಯ ಬಳಿ, ಅದೇ ಜಾಗದಲ್ಲಿ ಕೂರಿಸಿ. ಹಿತ್ತಾಳೆ ಚೊಂಬು ಬೇಡ, ಅದರ ಹೊಳಪು ನೆರಳನ್ನು ಒಡೆದುಹಾಕುತ್ತದೆ. ಪ್ರತಿ ಹಾಳೆಯ ಹಿಂದೆ ತಾರೀಕು, ಪೆನ್ಸಿಲು, ಕಿಟಕಿ ಯಾವ ಕಡೆಯಿತ್ತು ಎಂಬುದನ್ನು ಮಗುವಿನ ಕೈಯಲ್ಲೇ ಕನ್ನಡದಲ್ಲಿ ಬರೆಸಿಡಿ.

ಆ ತಂದೆ ಮೂರೂ ಹಾಳೆಗಳನ್ನು ಮಡಿಸದೆ, ಸುರುಳಿ ಸುತ್ತಿ ಬಸ್ಸು ಹತ್ತಿದರು. ಕುಡಿಕೆ ಒಡೆಯದಂತೆ ಎತ್ತಿಡಿ ಎಂದು ನಾನು ಹೇಳಿ ಕಳಿಸಿದ್ದೇನೆ. ಮಾರ್ಚಿನಲ್ಲಿ ಮತ್ತೆ ಅದನ್ನೇ ಬರೆಯಬೇಕು.