ಮೂರು ಸಲ ‘ಮೇಡೇ’

2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಮೇಲೇರಿದ ಸುಮಾರು ಅರ್ಧ ನಿಮಿಷದಲ್ಲೇ ನೆಲಕ್ಕಪ್ಪಳಿಸಿತು. ಅದರ ಪ್ರಾಥಮಿಕ ತನಿಖಾ ವರದಿಯಲ್ಲಿ ಪೈಲಟ್‌ಗಳಲ್ಲೊಬ್ಬರು ರೇಡಿಯೋದಲ್ಲಿ ಆಡಿದ ಕೊನೆಯ ಮಾತು ದಾಖಲಾಗಿದೆ: ‘ಮೇಡೇ, ಮೇಡೇ, ಮೇಡೇ’. ಮೇ ಡೇ ಎಂದರೆ ಕಾರ್ಮಿಕರ ದಿನ, ಕೆಂಬಾವುಟದ ಮೆರವಣಿಗೆ ಎಂದಷ್ಟೇ ತಿಳಿದ ನಮ್ಮಲ್ಲಿ ಹಲವರಿಗೆ, ಸಾವಿನ ದವಡೆಯಲ್ಲಿರುವವರು ಈ ಮಾತನ್ನೇಕೆ ಕೂಗುತ್ತಾರೆ, ಅದೂ ಮೂರು ಸಲ ಏಕೆ ಎಂಬ ಪ್ರಶ್ನೆ ಏಳುವುದು ಸಹಜ.

ಮೊದಲಿಗೇ ಹೇಳಬೇಕಾದ್ದೆಂದರೆ, ಈ ಮೇಡೇಗೂ ಮೇ ತಿಂಗಳಿಗೂ ಸಂಬಂಧವಿಲ್ಲ. ಇದು ಫ್ರೆಂಚ್ ಮಾತೊಂದು ಇಂಗ್ಲಿಷ್ ನಾಲಿಗೆಯಲ್ಲಿ ತಾಳಿದ ರೂಪ. ಫ್ರೆಂಚಿನಲ್ಲಿ ‘ವೆನೇ ಮೆದೇ’ ಎಂದರೆ ‘ಬಂದು ನನಗೆ ನೆರವಾಗಿ’ ಎಂದರ್ಥ. ಅದರ ಬಾಲವನ್ನಷ್ಟೇ ಕತ್ತರಿಸಿಕೊಂಡರೆ ‘ಮೆದೇ’. ಹಾಗೆಂದು ನೀರಿನಲ್ಲಿ ಮುಳುಗುವ ಫ್ರೆಂಚನೊಬ್ಬ ‘ಮೆದೇ’ ಎಂದು ಕೂಗುವುದಿಲ್ಲ. ಅವನ ಬಾಯಲ್ಲಿ ಬರುವುದು ‘ಓ ಸಕೂರ್’. ಅಂದರೆ ಇದು ಜನರ ಬಾಯಿಂದ ತಾನಾಗಿ ಹುಟ್ಟಿದ ಕೂಗಲ್ಲ. ಕಚೇರಿಯಲ್ಲಿ ಕುಳಿತು ಯೋಚಿಸಿ ಕಟ್ಟಿದ ಪದ.

ಕಟ್ಟಿದವರು ಫ್ರೆಡೆರಿಕ್ ಸ್ಟಾನ್ಲಿ ಮಾಕ್‌ಫರ್ಡ್. 1920ರ ದಶಕದ ಆರಂಭದಲ್ಲಿ ಅವರು ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ ಹಿರಿಯ ರೇಡಿಯೋ ಅಧಿಕಾರಿಯಾಗಿದ್ದರು. ಆಗ ಹಡಗುಗಳಿಗೆ ಎಸ್‌ಓಎಸ್ ಎಂಬ ಸಂಕೇತವಿತ್ತು. ಆದರೆ ಅದು ಕಟ್ಟಕಡ ಸದ್ದಿನ ತಂತಿ ಭಾಷೆಗೆ ಹೊಂದುವಂಥದು. ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ. ಕಿವಿಗೆ ಬಿದ್ದರೆ ತಪ್ಪು ತಿಳಿಯಲು ಎಡೆಯೇ ಇಲ್ಲ. ವಿಮಾನದಲ್ಲಿ ಹಾಗಲ್ಲ. ಪೈಲಟ್ ಒಂದು ಕೈಯಲ್ಲಿ ವಿಮಾನ ನಡೆಸುತ್ತ ಬಾಯಿಂದಲೇ ಮಾತಾಡಬೇಕು. ಬಾಯಲ್ಲಿ ಹೇಳಿದ ‘ಎಸ್’ ಅಕ್ಷರ ಆ ಕಾಲದ ಯಂತ್ರಗಳಲ್ಲಿ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ‘ಸ್’ ಎಂಬ ಸೀತ್ಕಾರದ ಬಲವೆಲ್ಲ ಅತಿ ಎತ್ತರದ ಸ್ವರಗಳಲ್ಲಿರುತ್ತದೆ. ದೂರವಾಣಿ, ರೇಡಿಯೋಗಳು ಆ ಸ್ವರಗಳನ್ನೇ ಕತ್ತರಿಸಿಬಿಡುವುದರಿಂದ ‘ಎಸ್’ ಯಾವುದು, ‘ಎಫ್’ ಯಾವುದು ತಿಳಿಯದು. ಇಂದಿಗೂ ಫೋನಿನಲ್ಲಿ ಹೆಸರಿನ ಅಕ್ಷರ ಹೇಳುವಾಗ ನಾವು ‘ಎಸ್ ಫಾರ್ ಶಂಕರ’ ಎಂದು ಬಿಡಿಸಿ ಹೇಳುವುದು ಇದಕ್ಕಾಗಿಯೇ.

ಹಾಗಾಗಿ ಇಂಜಿನ್ನಿನ ಅಬ್ಬರದಲ್ಲೂ ಕೇಳಿಸುವ, ಯಾವ ದೇಶದ ಪೈಲಟ್‌ಗೂ ಹೇಳಲು ಬರುವ ಒಂದು ಪದ ಬೇಕಿತ್ತು. ಕ್ರಾಯ್ಡನ್ನಿನ ವಿಮಾನಗಳಲ್ಲಿ ಬಹಳಷ್ಟು ಓಡಾಡುತ್ತಿದ್ದುದು ಪ್ಯಾರಿಸ್ಸಿನ ಲೆ ಬೂರ್ಜೆ ನಿಲ್ದಾಣಕ್ಕೆ. ಎರಡೂ ದಡದವರಿಗೆ ಒಪ್ಪುವ ಪದವೆಂದು ಮಾಕ್‌ಫರ್ಡ್ ‘ಮೇಡೇ’ಯನ್ನು ಸೂಚಿಸಿದರು. ಇಂಗ್ಲಿಷರಿಗೆ ಪರಿಚಿತ ಪದ, ಫ್ರೆಂಚರಿಗೆ ಅರ್ಥವಿರುವ ಪದ. ಜೊತೆಗೆ ಎಳೆದು ಹೇಳಬಲ್ಲ ಎರಡು ‘ಏ’ಕಾರಗಳು. 1923ರಲ್ಲಿ ಇದು ವಿಮಾನಗಳ ಆಪತ್ಕರೆಯಾಗಿ ಬಳಕೆಗೆ ಬಂತು. 1927ರ ವಾಷಿಂಗ್ಟನ್ ಅಂತರರಾಷ್ಟ್ರೀಯ ರೇಡಿಯೋ ಒಪ್ಪಂದವು ತಂತಿಗೆ ಎಸ್‌ಓಎಸ್, ಬಾಯಿಮಾತಿಗೆ ಮೇಡೇ ಎಂದು ವಿಧಿಸಿತು. ಹೀಗೆ ಅದು ಹಡಗುಗಳಿಗೂ ಹಬ್ಬಿತು.

ಈಗ ಮೂರರ ಲೆಕ್ಕಕ್ಕೆ ಬರೋಣ. ವಿಮಾನ, ಹಡಗುಗಳ ರೇಡಿಯೋ ನಮ್ಮ ಫೋನಿನಂತಲ್ಲ. ಗುಂಡಿ ಒತ್ತಿ ಹಿಡಿದರೆ ಮಾತಾಡಬಹುದು, ಬಿಟ್ಟರೆ ಮಾತ್ರ ಕೇಳಬಹುದು. ಅವಸರದಲ್ಲಿ ಗುಂಡಿ ಪೂರ್ತಿ ಒತ್ತುವ ಮೊದಲೇ ಬಾಯಿ ತೆರೆದರೆ ಮೊದಲ ಪದ ನುಂಗಿಹೋಗುತ್ತದೆ. ಗರಗರ ಸದ್ದು ಇನ್ನೊಂದನ್ನು ನುಂಗಬಹುದು. ಮೂರರಲ್ಲಿ ಒಂದಾದರೂ ದಾಟಲಿ ಎಂಬುದು ಮೊದಲ ಕಾರಣ.

ಎರಡನೆಯ ಕಾರಣ ಇನ್ನೂ ಸೂಕ್ಷ್ಮವಾದದ್ದು. ಆಪತ್ತಿನ ವೇಳೆ ಮೇಡೇ ಎಂಬ ಪದವನ್ನು ಬೇರೆಯವರೂ ಆಡುತ್ತಾರೆ. ‘ಯಾರದೋ ಮೇಡೇ ಕೇಳಿದಿರಾ?’ ಎಂದು ಒಬ್ಬರು ಇನ್ನೊಬ್ಬರನ್ನು ವಿಚಾರಿಸಬಹುದು. ಹಡಗಿನ ಕರೆಯಲ್ಲೇ ಮೊದಲು ಮೂರು ಸಲ ಮೇಡೇ, ಮೂರು ಸಲ ಹಡಗಿನ ಹೆಸರು ಹೇಳಿ, ಅನಂತರ ಒಂದೇ ಸಲ ಮೇಡೇ ಎಂದು ಎಲ್ಲಿದ್ದೇವೆ, ಏನಾಗಿದೆ, ಎಷ್ಟು ಜನರಿದ್ದೇವೆ ಎಂಬ ವಿವರ ಕೊಡುವ ಕ್ರಮವಿದೆ. ಮೂರು ಸಲ ಒಟ್ಟಿಗೆ ಕೇಳಿದರೆ ಅದು ಆಪತ್ತಿನ ಸುದ್ದಿಯಲ್ಲ, ಆಪತ್ತಿನಲ್ಲಿರುವವರದೇ ದನಿ ಎಂದರ್ಥ. ಆ ಕ್ಷಣದಿಂದ ಉಳಿದವರು ಬಾಯಿ ಮುಚ್ಚಬೇಕು.

ಮೂರು ಸಲ ಹೇಳಿದರೂ ಕೇಳದೆ ಹೋಗುವುದುಂಟು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಬಡಿದು ವಿಮಾನವೊಂದರ ಎರಡೂ ಇಂಜಿನ್ನುಗಳು ಬಲ ಕಳೆದುಕೊಂಡವು. ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಮೂರು ಸಲ ಮೇಡೇ ಎಂದದ್ದು ಕಾಕ್‌ಪಿಟ್ಟಿನ ಧ್ವನಿಮುದ್ರಣದಲ್ಲಿದೆ. ಆದರೆ ಅದೇ ಗಳಿಗೆಯಲ್ಲಿ ನಿಯಂತ್ರಕ ತಾನೂ ಗುಂಡಿ ಒತ್ತಿ ಎಡಕ್ಕೆ ತಿರುಗುವಂತೆ ಎಂದಿನ ಸೂಚನೆ ಕೊಡುತ್ತಿದ್ದುದರಿಂದ ಅವನಿಗೆ ಮೂರೂ ಕೇಳಲಿಲ್ಲ. ಕೇಳಿಸಿದ್ದು ಅದರ ಬೆನ್ನಿಗೇ ಬಂದ ಮಾತು: ಹಕ್ಕಿ ಬಡಿದಿದೆ, ಎರಡೂ ಇಂಜಿನ್ನಿನ ಬಲ ಹೋಗಿದೆ, ಹಿಂದಿರುಗುತ್ತಿದ್ದೇವೆ. ಅಷ್ಟರಿಂದಲೇ ಅವನು ನಿಲ್ದಾಣದ ಬೇರೆ ವಿಮಾನಗಳು ಹೊರಡದಂತೆ ತಡೆಸಿದ. ವಿಮಾನ ಹಡ್ಸನ್ ನದಿಯ ಮೇಲಿಳಿದು 155 ಮಂದಿಯೂ ಬದುಕಿದರು. ಕರೆಯ ಜೊತೆಗೆ ವಿವರವನ್ನೂ ಕೂಡಲೇ ಹೇಳಬೇಕೆಂಬ ನಿಯಮ ಅಂದು ಕೆಲಸಕ್ಕೆ ಬಂತು.

ಆ ಪದವನ್ನೇ ಹೇಳದಿದ್ದರೆ? ಅದಕ್ಕೂ ಅದೇ ಊರಿನ ಉದಾಹರಣೆಯಿದೆ. 1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ಬಂದ ಅವಿಯಾಂಕಾ ವಿಮಾನವನ್ನು ಕೆಟ್ಟ ಹವೆಯ ದೆಸೆಯಿಂದ ಒಟ್ಟು ಒಂದು ಗಂಟೆ 17 ನಿಮಿಷ ಆಕಾಶದಲ್ಲೇ ಸುತ್ತಿಸಲಾಯಿತು. ಇಂಧನ ತೀರುತ್ತ ಬಂದಾಗ ಸಹಪೈಲಟ್ ನಮಗೆ ಆದ್ಯತೆ ಬೇಕು ಎಂದ. ಇಳಿಯುವ ಮೊದಲ ಯತ್ನ ವಿಫಲವಾದಾಗ ಕ್ಯಾಪ್ಟನ್, ನಾವು ತುರ್ತು ಸ್ಥಿತಿಯಲ್ಲಿದ್ದೇವೆಂದು ತಿಳಿಸು ಎಂದ. ಸಹಪೈಲಟ್ ರೇಡಿಯೋದಲ್ಲಿ ಹೇಳಿದ್ದು, ಮತ್ತೊಮ್ಮೆ ಪ್ರಯತ್ನಿಸುತ್ತೇವೆ, ಇಂಧನ ಮುಗಿಯುತ್ತಿದೆ ಎಂದಷ್ಟೇ. ತಿಳಿಸಿದೆಯಾ ಎಂದು ಕ್ಯಾಪ್ಟನ್ ಕೇಳಿದಾಗ ಹೌದೆಂದ. ಅವನ ಮಟ್ಟಿಗೆ ಅದು ಸುಳ್ಳಲ್ಲ. ಆದರೆ ಮೇಡೇ ಎಂಬ ಪದವಾಗಲಿ, ತುರ್ತು ಎಂಬ ಪದವಾಗಲಿ ಆ ಮಾತಿನಲ್ಲಿರಲಿಲ್ಲ. ನಿಯಂತ್ರಕರು ಅದನ್ನು ಮತ್ತೊಂದು ಅವಸರದ ವಿಮಾನವೆಂದೇ ಬಗೆದು, ಸುತ್ತಿ ಬರುವ ದಾರಿಯನ್ನೇ ಕೊಟ್ಟರು. ಹತ್ತು ಹನ್ನೊಂದು ನಿಮಿಷಗಳಲ್ಲಿ ವಿಮಾನ ಲಾಂಗ್ ಐಲೆಂಡಿನ ಗುಡ್ಡವೊಂದಕ್ಕೆ ಬಿತ್ತು. 158 ಮಂದಿಯಲ್ಲಿ 73 ಮಂದಿ ಸತ್ತರು. ಬೆಂಕಿ ಹತ್ತಲಿಲ್ಲ, ಹತ್ತಲು ಇಂಧನವೇ ಉಳಿದಿರಲಿಲ್ಲ.

ಇಂಥ ಗೊಂದಲಕ್ಕೆ ಎಡೆಯಿರಬಾರದೆಂದು 2012ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಇಂಧನಕ್ಕೂ ಒಂದು ಖಚಿತ ಮಾತನ್ನು ಗೊತ್ತುಪಡಿಸಿತು. ಇಳಿಯುವಾಗ ಉಳಿದಿರಲೇಬೇಕಾದ ಕೊನೆಯ ಮೀಸಲು ಇಂಧನಕ್ಕೂ ಕೈಹಾಕಬೇಕಾದ ಪೈಲಟ್ ಈಗ ಆದ್ಯತೆ ಕೇಳುವುದಿಲ್ಲ, ವಿನಂತಿಸುವುದಿಲ್ಲ. ಅವನು ಹೇಳಬೇಕಾದ್ದು ಇಷ್ಟೆ: ‘ಮೇಡೇ, ಮೇಡೇ, ಮೇಡೇ, ಫ್ಯೂಯೆಲ್’.