ಖಾಯಂ ಮುಂಗಡ: ಪೆಟ್ಟಿಗೆಯ ನಗದು, ಕೈಯಲ್ಲಿರುವ ವೋಚರು, ಮಂಜೂರಾತಿಗೆ ಹೋದ ಬಿಲ್ಲು

(ತಾಲ್ಲೂಕು ಪಂಚಾಯತ್ ಹಾಗೂ ಅಧೀನ ಕಚೇರಿಗಳ ಲೆಕ್ಕ ಸಿಬ್ಬಂದಿಯ ತರಬೇತಿಯಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಕಚೇರಿಯ ಸಣ್ಣಪುಟ್ಟ ವೆಚ್ಚಗಳಿಗಾಗಿ ಒಬ್ಬ ಅಧಿಕಾರಿಯ ಜವಾಬ್ದಾರಿಯಲ್ಲಿ ಇರಿಸಲಾಗುವ ನಿಗದಿತ ಮೊತ್ತಕ್ಕೆ ಖಾಯಂ ಮುಂಗಡವೆಂದು ಹೆಸರು. ಲೆಕ್ಕಶಾಸ್ತ್ರದ ಪುಸ್ತಕಗಳಲ್ಲಿ ಇದನ್ನೇ ಇಂಪ್ರೆಸ್ಟ್ ಎಂದು ಕರೆಯಲಾಗಿದೆ. ಈ ಹಣದ ವಿಷಯದಲ್ಲಿ ಉಂಟಾಗುವ ಬಹುಪಾಲು ತೊಡಕುಗಳಿಗೆ ಕಾರಣ ದುರುಪಯೋಗವಲ್ಲ. ಮುಂಗಡವನ್ನು ವೆಚ್ಚವೆಂದು ತಪ್ಪಾಗಿ ಭಾವಿಸುವುದೇ ಕಾರಣ. ಖಾಯಂ ಮುಂಗಡವಾಗಿ 5,000 ರೂಪಾಯಿ ಪಡೆದ ದಿನ ಕಚೇರಿಯು ಒಂದು ರೂಪಾಯಿಯನ್ನೂ ವೆಚ್ಚ ಮಾಡಿರುವುದಿಲ್ಲ; ಹಣದ ಸ್ಥಳ ಮಾತ್ರ ಬದಲಾಗಿರುತ್ತದೆ. ವೋಚರುಗಳೊಡನೆ ಸಾದಿಲ್ವಾರು ಬಿಲ್ಲನ್ನು ಸಲ್ಲಿಸಿ, ಅದು ಮಂಜೂರಾಗಿ, ಸಂಬಂಧಿಸಿದ ಲೆಕ್ಕ ಶೀರ್ಷಿಕೆಗೆ ಖರ್ಚು ಬಿದ್ದಾಗಲೇ ಅದು ವೆಚ್ಚವಾಗುತ್ತದೆ.

ಆದುದರಿಂದ ಯಾವ ದಿನ, ಯಾವ ಗಳಿಗೆಯಲ್ಲಿ ಪೆಟ್ಟಿಗೆ ತೆರೆದರೂ ಮೂರು ಅಂಶಗಳ ಮೊತ್ತವು ನಿಗದಿತ ಮುಂಗಡಕ್ಕೆ ಸಮನಾಗಿರಬೇಕು: ಪೆಟ್ಟಿಗೆಯಲ್ಲಿರುವ ನಗದು, ಇನ್ನೂ ಬಿಲ್ಲಿಗೆ ಸೇರದ ವೋಚರುಗಳು, ಹಾಗೂ ಸಲ್ಲಿಸಿಯೂ ಹಣ ಬಾರದ ಬಿಲ್ಲುಗಳು. ನಗದು ಕಡಿಮೆಯಿದೆಯೆಂಬ ಒಂದೇ ಕಾರಣದಿಂದ ಕೊರತೆಯಿದೆಯೆಂದು ಹೇಳಲಾಗದು.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಕಚೇರಿಯೊಂದಕ್ಕೆ 5,000 ರೂಪಾಯಿಯ ಖಾಯಂ ಮುಂಗಡವಿದೆ. ಜುಲೈ 1ರಂದು ಪೂರ್ತಿ ಮೊತ್ತವೂ ನಗದಾಗಿ ಕೈಯಲ್ಲಿತ್ತು. 12ನೆಯ ತಾರೀಖಿನ ವೇಳೆಗೆ ಸ್ಪೀಡ್ ಪೋಸ್ಟಿಗೆ 260, ಟ್ಯೂಬ್‌ಲೈಟ್ ಬದಲಾವಣೆಗೆ 420, ಜೆರಾಕ್ಸಿಗೆ 350, ಸಭೆಯ ಚಹಾ ಉಪಾಹಾರಕ್ಕೆ 480, ಪ್ರಿಂಟರಿನ ಟೋನರ್ ಮರುಭರ್ತಿಗೆ 650, ಒಟ್ಟು 2,160 ರೂಪಾಯಿ ಪಾವತಿಯಾಯಿತು. ಅಂದೇ ಐದು ವೋಚರುಗಳನ್ನು ಸೇರಿಸಿ 2,160ಕ್ಕೆ ಬಿಲ್ಲು ಸಲ್ಲಿಸಲಾಯಿತು. ಆ ಬಳಿಕ ಬೀಗಕ್ಕೆ 180, ಪೊರಕೆ ಫಿನೈಲಿಗೆ 360 ರೂಪಾಯಿ ಕೊಟ್ಟು ವಹಿಯಲ್ಲಿ ಬರೆಯಲಾಯಿತು. ವಹಿಯ ಪ್ರಕಾರ ಶಿಲ್ಕು 2,300.

20ರಂದು ಮೇಲಧಿಕಾರಿಯು ಅನಿರೀಕ್ಷಿತ ತಪಾಸಣೆಗೆ ಬಂದರು. ಎಣಿಸಿದಾಗ ಪೆಟ್ಟಿಗೆಯಲ್ಲಿದ್ದುದು 1,500. ವಹಿಗಿಂತ 800 ಕಡಿಮೆ. ಹಣದ ಜವಾಬ್ದಾರಿ ಹೊತ್ತಿದ್ದ ದ್ವಿತೀಯ ದರ್ಜೆ ಸಹಾಯಕರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೊರತೆಯ ಟಿಪ್ಪಣಿಯೊಂದು ವಹಿಯಲ್ಲಿ ದಾಖಲಾದರೆ ಅದು ಆ ನೌಕರರ ಹೆಸರನ್ನು ವರ್ಷಗಳ ಕಾಲ ಹಿಂಬಾಲಿಸುವಂಥದು.

ತಪಾಸಣಾಧಿಕಾರಿಯು ಟಿಪ್ಪಣಿ ಬರೆಯಲು ಅವಸರಪಡಲಿಲ್ಲ. ಕಡತಗಳನ್ನು ತೆಗೆಸಿ ನೋಡಿದಾಗ ಕುಡಿಯುವ ನೀರಿನ ಕ್ಯಾನುಗಳಿಗೆ ಕೊಟ್ಟ 300 ರೂಪಾಯಿಯ ರಶೀದಿ ದೊರೆಯಿತು; ಪಾವತಿಯಾಗಿತ್ತು, ವಹಿಗೆ ಏರಿರಲಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಸಿಕ್ಕಿತು: ‘ಚಾಲಕರಿಗೆ 500’ ಎಂದಷ್ಟೇ ಇತ್ತು, ತಾರೀಖಿಲ್ಲ, ಸಹಿಯಿಲ್ಲ. ಜೀಪಿನ ಟೈರಿನ ಪಂಕ್ಚರಿಗಾಗಿ ಕೊಟ್ಟ ಹಣವದು. ಚಾಲಕರನ್ನು ಕರೆಸಿ ವಿಚಾರಿಸಿದಾಗ ಅವರು 350 ರೂಪಾಯಿಯ ರಶೀದಿಯನ್ನೂ ಉಳಿದ 150 ರೂಪಾಯಿಯನ್ನೂ ತಂದೊಪ್ಪಿಸಿದರು. ಆಗ ನಗದು 1,650, ಬಿಲ್ಲಿಗೆ ಸೇರದ ವೋಚರುಗಳು 540, 300 ಹಾಗೂ 350 ಸೇರಿ 1,190, ಹಣ ಬಾರದ ಬಿಲ್ಲು 2,160. ಒಟ್ಟು 5,000.

ಲೆಕ್ಕ ಸರಿಹೋಯಿತೆಂದು ಈ ಪ್ರಸಂಗವನ್ನು ಮರೆಯುವಂತಿಲ್ಲ. ಚಾಲಕರು ಅಂದು ರಜೆಯಲ್ಲಿದ್ದಿದ್ದರೆ ಆ ಚೀಟಿಗೆ ಬೆಲೆಯಿರುತ್ತಿರಲಿಲ್ಲ. ಬಾಯಿಮಾತಿನ ಮುಂಗಡ ಕೊಡಲೇಬೇಕಾದ ಸಂದರ್ಭ ಬಂದಾಗ ಚೀಟಿಯಲ್ಲಿ ತಾರೀಖು, ಉದ್ದೇಶ, ಮೊತ್ತ, ಪಡೆದವರ ಸಹಿ ಇರಬೇಕು. ಮರುದಿನ ಸಂಜೆಯೊಳಗೆ ಅದರ ಸ್ಥಾನದಲ್ಲಿ ರಶೀದಿ ಬರಬೇಕು. ಚೀಟಿಯು ವೋಚರಲ್ಲ, ಅದರ ಮೊತ್ತವನ್ನು ಬಿಲ್ಲಿಗೆ ಸೇರಿಸಲಾಗದು. ಹಾಗೆಯೇ ಪಾವತಿ ಮಾಡಿದ ಕೂಡಲೇ ವಹಿಯಲ್ಲಿ ಬರೆದು, ಅದೇ ಕ್ರಮಸಂಖ್ಯೆಯನ್ನು ರಶೀದಿಯ ಮೇಲೂ ನಮೂದಿಸಿದ್ದರೆ ನೀರಿನ ರಶೀದಿಯು ಕಡತದಲ್ಲಿ ಅಡಗಿ ಕೂರುತ್ತಿರಲಿಲ್ಲ. ಅಂಗಡಿಗಳ ಯಂತ್ರದ ರಶೀದಿಗಳ ಬಗ್ಗೆಯೂ ಎಚ್ಚರ ಅಗತ್ಯ. ಆ ನುಣುಪು ಕಾಗದದ ಅಕ್ಷರಗಳು ಕೆಲವು ತಿಂಗಳಲ್ಲಿ ಮಾಸಿ, ಲೆಕ್ಕ ಪರಿಶೋಧಕರು ಬರುವ ವೇಳೆಗೆ ಬಿಳಿ ಹಾಳೆಯಾಗಿರುತ್ತವೆ. ಅಂದೇ ಜೆರಾಕ್ಸ್ ಮಾಡಿಸಿ ಜೊತೆಗೆ ಲಗತ್ತಿಸುವುದು ಲೇಸು.

ಇದೇ ಪ್ರಸಂಗದ ಉತ್ತರಾರ್ಧವು ಮರುಭರ್ತಿಗೆ ಸಂಬಂಧಿಸಿದ್ದು. ಸಲ್ಲಿಸಿದ 2,160ರಲ್ಲಿ 1,680 ಮಾತ್ರ ಮಂಜೂರಾಯಿತು. ಸಭೆಯ ಉಪಾಹಾರದ 480 ರೂಪಾಯಿಗೆ ಸಭೆಯ ತಾರೀಖಾಗಲಿ ಹಾಜರಿದ್ದವರ ಸಂಖ್ಯೆಯಾಗಲಿ ವೋಚರಿನಲ್ಲಿರಲಿಲ್ಲವಾಗಿ ಅದನ್ನು ಆಕ್ಷೇಪಿಸಿ ತಡೆಹಿಡಿಯಲಾಗಿತ್ತು. ಬಂದ ಹಣ ಸೇರಿ ನಗದು 3,330 ಆಯಿತು, ವೋಚರುಗಳು 1,190. ಕೂಡಿದರೆ 4,520. ಉಳಿದ 480 ಎಲ್ಲಿಯೂ ಹೋಗಿಲ್ಲ. ಅದು ಆಕ್ಷೇಪಿತ ಮೊತ್ತವಾಗಿ ವಹಿಯಲ್ಲಿ ಪ್ರತ್ಯೇಕ ಸಾಲಿನಲ್ಲಿ ನಿಲ್ಲಬೇಕು. ಬೇಕಾದ ವಿವರದೊಡನೆ ಮತ್ತೆ ಸಲ್ಲಿಸಿ ಪಡೆಯಬೇಕು, ಅಥವಾ ವೆಚ್ಚಕ್ಕೆ ಆದೇಶ ನೀಡಿದವರಿಂದ ವಸೂಲಾಗಬೇಕು. ಅನೇಕ ಕಚೇರಿಗಳಲ್ಲಿ ಈ ಸಾಲನ್ನು ಬರೆಯದೆ ಬಿಡಲಾಗುತ್ತದೆ. ಆಗ ಎರಡು ಮೂರು ಆಕ್ಷೇಪಗಳು ಕೂಡಿ ಮುಂಗಡವು ತಾನಾಗಿ ಸವೆಯುತ್ತದೆ; ಕೊನೆಗೆ ಕಾರಣ ಹೇಳಬೇಕಾದವರು ಆದೇಶ ನೀಡಿದವರಲ್ಲ, ಪೆಟ್ಟಿಗೆಯ ಬೀಗದ ಕೈ ಹಿಡಿದವರು. ವೆಚ್ಚದ ಆದೇಶವನ್ನು ಪಾವತಿಗೆ ಮುನ್ನವೇ ಬರಹದಲ್ಲಿ ಪಡೆಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಮರುಭರ್ತಿಗೆ ಕೇಳಬೇಕಾದುದು ವೆಚ್ಚವಾದಷ್ಟನ್ನೇ. ಬಿಲ್ಲಿಗೆ ಸೇರಿದ ಪ್ರತಿ ವೋಚರಿನ ಮೇಲೂ ‘ಪಾವತಿಸಿ ರದ್ದುಪಡಿಸಿದೆ’ ಎಂಬ ಮೊಹರು ಬೀಳಬೇಕು. ಇಲ್ಲವಾದರೆ ಅದೇ ರಶೀದಿ ಇನ್ನೊಂದು ಬಿಲ್ಲಿನಲ್ಲಿ ತಲೆಹಾಕಲು ಅಡ್ಡಿಯಿರುವುದಿಲ್ಲ. ಬಂದ ಹಣವನ್ನು ವಹಿಯ ಜಮಾ ಬದಿಯಲ್ಲಿ ಬಿಲ್ಲಿನ ಸಂಖ್ಯೆಯೊಡನೆ ಮರುಭರ್ತಿಯೆಂದೇ ಬರೆಯಬೇಕು. ಅದನ್ನು ಹೊಸ ಮುಂಗಡವೆಂದು ತೋರಿಸಿದರೆ ಕಚೇರಿಯ ಹೊಣೆ ಕಾಗದದ ಮೇಲೆ ಬೆಳೆಯುತ್ತ ಹೋಗುತ್ತದೆ.

ಬಿಲ್ಲು ಯಾವಾಗ ಸಲ್ಲಿಸಬೇಕು? ಪೆಟ್ಟಿಗೆ ಬರಿದಾಗುವವರೆಗೆ ಕಾಯುವುದೇ ಸಾಮಾನ್ಯ ರೂಢಿ, ಅದೇ ತಪ್ಪು. ಮಂಜೂರಾತಿಗೆ ಎರಡು ವಾರ ಹಿಡಿಯುವ ಕಚೇರಿಯಲ್ಲಿ ಎರಡು ವಾರದ ಸರಾಸರಿ ವೆಚ್ಚಕ್ಕೆ ಸಾಲುವಷ್ಟು ನಗದು ಉಳಿದಿರುವಾಗಲೇ ಬಿಲ್ಲು ಹೋಗಬೇಕು. ತಡವಾದಾಗ ಸಹಾಯಕರು ಕಚೇರಿಯ ಕೆಲಸ ನಿಲ್ಲದಿರಲೆಂದು ಸ್ವಂತ ಹಣ ಹಾಕುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ತಪಾಸಣೆಯ ದಿನ ಮೂರೂ ಅಂಶಗಳ ಮೊತ್ತ 5,600 ಬಂದರೆ ಹೆಚ್ಚಿರುವ 600 ತಮ್ಮದೆಂದು ಅವರು ಯಾವ ದಾಖಲೆಯಿಂದಲೂ ತೋರಿಸಲಾರರು. ಕೊರತೆಯಂತೆ ಹೆಚ್ಚಳವೂ ವಿವರಣೆ ಕೇಳುವ ವಿಷಯವೇ. ಯಾರಿಂದಲೋ ವಸೂಲಾದ ಹಣ ಜಮಾ ಆಗದೆ ಉಳಿದಿದೆಯೇ ಎಂಬ ಸಂಶಯ ಮೊದಲು ಹುಟ್ಟುತ್ತದೆ.

ಮಾರ್ಚ್ ತಿಂಗಳಲ್ಲಿ ಮಾತ್ರ ಈ ಲೆಕ್ಕಾಚಾರ ಬದಲಾಗುತ್ತದೆ. ನಗದು ಎಷ್ಟೇ ಉಳಿದಿರಲಿ, ಕೈಯಲ್ಲಿರುವ ಎಲ್ಲ ವೋಚರುಗಳಿಗೂ ಬಿಲ್ಲು ತಯಾರಿಸಿ ಆ ವರ್ಷದ ಅನುದಾನದಲ್ಲೇ ಸೆಳೆಯಬೇಕು. ಫೆಬ್ರವರಿಯ ವೋಚರು ಏಪ್ರಿಲ್ ಬಿಲ್ಲಿಗೆ ಸೇರಿದರೆ ಕಳೆದ ವರ್ಷದ ವೆಚ್ಚವು ಹೊಸ ವರ್ಷದ ಅನುದಾನವನ್ನು ತಿನ್ನುತ್ತದೆ. ಪ್ರಭಾರ ಬದಲಾಗುವ ದಿನವೂ ಇದೇ ಮೂರು ಅಂಶಗಳನ್ನು ಬಿಡಿಬಿಡಿಯಾಗಿ ಬರೆದು, ಕೊಟ್ಟವರೂ ಪಡೆದವರೂ ಸಹಿ ಮಾಡಬೇಕು. ‘ಖಾಯಂ ಮುಂಗಡ 5,000 ವಹಿಸಿಕೊಂಡಿದ್ದೇನೆ’ ಎಂಬ ಒಂದೇ ಸಾಲಿಗೆ ಸಹಿ ಹಾಕಿದವರು, ಅದರಲ್ಲಿ 480 ಆಕ್ಷೇಪಿತ ಮೊತ್ತವೆಂದು ಆರು ತಿಂಗಳ ಬಳಿಕ ತಿಳಿದಾಗ, ಅದನ್ನು ಹಿಂದಿನವರಿಂದ ಕೇಳಿ ಪಡೆಯಲು ಕಾಗದದ ಆಧಾರ ಇಲ್ಲದವರಾಗುತ್ತಾರೆ.