ಕರ್ನಾಟಕದಿಂದ ‘ನಾಟಕ’ಕ್ಕೆ ಎರಡೇ ಬಾಣ!

(ಯುವಕ ಯುವತಿಯರ ಗಣಕ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತು ನಾನು ಬೋರ್ಡುಗಳ ಬಗ್ಗೆ ಮಾತಾಡಲು ಬಂದಿಲ್ಲ. ಗಣಕದ ಪರದೆಯ ಮೇಲೆ ಮಿಣಕ್ ಮಿಣಕ್ ಅನ್ನುವ ಒಂದು ಸಣ್ಣ ಗೆರೆಯ ಬಗ್ಗೆ ಮಾತಾಡಲು ಬಂದಿದ್ದೇನೆ. ಅದಕ್ಕೆ ಕರ್ಸರ್ ಅಂತ ಹೆಸರು. ಈ ಗೆರೆಗೆ ಕನ್ನಡದ ಅಕ್ಷರ ಯಾವುದು, ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎನ್ನುವುದು ಗೊತ್ತಿದೆಯೇ? ಇದೇ ಇವತ್ತಿನ ಪ್ರಶ್ನೆ. ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ನಾಡಿನ ಹೆಸರನ್ನೇ ಇಟ್ಟುಕೊಂಡು ನೋಡೋಣ.

‘ಕರ್ನಾಟಕ’ ಎಂದು ಬರೆಯಿರಿ. ಒಂದನೇ ತರಗತಿಯ ಮಗುವನ್ನು ಕೇಳಿದರೆ ಎಷ್ಟು ಅಕ್ಷರ ಅನ್ನುತ್ತದೆ? ಕ, ರ್ನಾ, ಟ, ಕ. ನಾಲ್ಕು. ಆದರೆ ಯೂನಿಕೋಡ್ ಪದ್ಧತಿಯಲ್ಲಿ ಗಣಕದ ಹೊಟ್ಟೆಯಲ್ಲಿ ಇರುವುದು ಏಳು ಸಂಕೇತಗಳು: ಕ, ರ, ಅರ್ಧಾಕ್ಷರದ ಗುರುತು (್), ನ, ಆಕಾರದ ದೀರ್ಘ (ಾ), ಟ, ಕ. ಇವೆರಡರ ನಡುವೆ ಮೂರನೆಯ ಲೆಕ್ಕವೊಂದಿದೆ. ಅರ್ಧಾಕ್ಷರದ ಗುರುತನ್ನು ಹಿಂದಿನ ವ್ಯಂಜನಕ್ಕೆ ಅಂಟಿಸಿ, ಮುಂದಿನದನ್ನು ಬಿಡಿಯಾಗಿ ಎಣಿಸುವ ಲೆಕ್ಕ ಅದು: ಕ, ರ್, ನಾ, ಟ, ಕ. ಐದು.

ಈಗ ಈ ಪದದ ಮೊದಲಿಗೆ ಕರ್ಸರ್ ಇಟ್ಟು ಬಲಬಾಣದ ಕೀಲಿಯನ್ನು ಒಂದೊಂದಾಗಿ ಒತ್ತಿ. ನಾಲ್ಕು ಸಲಕ್ಕೆ ಕೊನೆ ಮುಟ್ಟಿದರೆ ಆ ತಂತ್ರಾಂಶಕ್ಕೆ ಕನ್ನಡ ಬರುತ್ತದೆ. ಐದು ಸಲ ಬೇಕಾದರೆ ಅರ್ಧಂಬರ್ಧ ಬರುತ್ತದೆ. ಏಳು ಸಲ ಬೇಕಾದರೆ ಅದಕ್ಕೆ ಕನ್ನಡವೇ ಗೊತ್ತಿಲ್ಲ. ಇಷ್ಟು ಸರಳ ಪರೀಕ್ಷೆ. ದುಡ್ಡು ಖರ್ಚಿಲ್ಲ, ಯಾವ ಪಂಡಿತರನ್ನೂ ಕೇಳಬೇಕಾಗಿಲ್ಲ.

‘ಒಂದು ಒತ್ತು ಹೆಚ್ಚಾದರೆ ಏನು ಮಹಾ?’ ಅನ್ನಬಹುದು ನೀವು. ಐದರ ಲೆಕ್ಕದ ತಂತ್ರಾಂಶದಲ್ಲಿ ಪದದ ಮೊದಲಿಗೇ ಕರ್ಸರ್ ಇಡಿ. ಶಿಫ್ಟ್ ಕೀಲಿ ಹಿಡಿದುಕೊಂಡು ಬಲಬಾಣವನ್ನು ಎರಡು ಸಲ ಒತ್ತಿ. ಶಿಫ್ಟ್ ಹಿಡಿದಾಗ ಕರ್ಸರ್ ಹೊರಟ ಜಾಗ ಗೂಟ ಹೊಡೆದಂತೆ ನಿಲ್ಲುತ್ತದೆ, ಇನ್ನೊಂದು ತುದಿ ಮಾತ್ರ ಬಾಣದ ಜೊತೆ ಓಡುತ್ತದೆ. ನಡುವೆ ಇರುವುದೆಲ್ಲ ಬಣ್ಣ ಬಳಿದುಕೊಂಡು ಆಯ್ಕೆಯಾಗುತ್ತದೆ. ನಿಮ್ಮ ಕಣ್ಣಿಗೆ ಕಾಣುವುದೇನು? ‘ಕ’ ಪೂರ್ತಿ, ‘ನಾ’ ಅರ್ಧ ಬಣ್ಣವಾಗಿದೆ. ಬಲಗಡೆ ಇರುವ ಅರ್ಕಾವೊತ್ತಿಗೆ ಬಣ್ಣ ತಾಗಿಯೇ ಇಲ್ಲ. ಈಗ ಕತ್ತರಿಸಿ. ಹೋದದ್ದು ‘ಕರ್’. ಉಳಿದದ್ದು ‘ನಾಟಕ’!

ನಗಬೇಡಿ, ಕಾರಣ ತಿಳಿದುಕೊಳ್ಳಿ. ನಾವು ಉಚ್ಚರಿಸುವಾಗ ರಕಾರ ಮೊದಲು, ನಕಾರ ಆಮೇಲೆ. ಗಣಕವೂ ಅದೇ ಕ್ರಮದಲ್ಲಿ ಇಟ್ಟುಕೊಂಡಿದೆ. ಆದರೆ ಬರೆಯುವಾಗ ಅರ್ಕಾವೊತ್ತು ‘ನಾ’ದ ಬಲಕ್ಕೆ ಹೋಗಿ ಕೂರುತ್ತದೆ. ಕಿವಿಯ ಕ್ರಮ ಒಂದು, ಕಣ್ಣಿನ ಕ್ರಮ ಇನ್ನೊಂದು. ಹೀಗಿರುವಾಗ ‘ರ್’ ಮತ್ತು ‘ನಾ’ ನಡುವೆ ಪರದೆಯ ಮೇಲೆ ಜಾಗವೇ ಇಲ್ಲ. ಇಲ್ಲದ ಜಾಗದಲ್ಲಿ ನಿಲ್ಲು ಎಂದರೆ ಕರ್ಸರ್ ಎಲ್ಲಿ ನಿಲ್ಲಬೇಕು? ತಂತ್ರಾಂಶ ಆ ಅಕ್ಷರದ ಅಗಲವನ್ನು ಅಂದಾಜಿಗೆ ಎರಡು ಪಾಲು ಮಾಡಿ ನಡುವೆ ಗೆರೆ ಎಳೆದುಬಿಡುತ್ತದೆ. ಬಣ್ಣ ಹೇಳುವುದೇ ಬೇರೆ, ಕತ್ತರಿ ಹಾಕುವುದೇ ಬೇರೆ. ಇದಕ್ಕೇ ನಾನು ಹೇಳುವುದು, ಕನ್ನಡದಲ್ಲಿ ಬಾಣ ಪೂರ್ತಿ ಅಕ್ಷರವನ್ನೇ ದಾಟಬೇಕು.

ಏಳರ ಲೆಕ್ಕದವರದು ಇನ್ನೂ ಕೆಟ್ಟ ಕತೆ. ಅಲ್ಲಿ ಎರಡು ಸಲ ಒತ್ತಿ ಕತ್ತರಿಸಿದರೆ ‘ಕರ’ ಹೋಗಿ, ಉಳಿದ ತುಂಡು ಅರ್ಧಾಕ್ಷರದ ಗುರುತಿನಿಂದಲೇ ಶುರುವಾಗುತ್ತದೆ. ಅದಕ್ಕೆ ಹಿಂದೆ ವ್ಯಂಜನವೇ ಇಲ್ಲದ್ದರಿಂದ ಸಾಮಾನ್ಯವಾಗಿ ಪರದೆಯ ಮೇಲೆ ಚುಕ್ಕಿ ಚುಕ್ಕಿಯ ಒಂದು ವೃತ್ತ ಕಾಣುತ್ತದೆ. ಎಲ್ಲಾದರೂ ಆ ಚುಕ್ಕಿ ವೃತ್ತ ಕಂಡರೆ ಅಲ್ಲಿ ಯಾವುದೋ ಗುರುತು ತನ್ನ ವ್ಯಂಜನದಿಂದ ಬೇರ್ಪಟ್ಟು ಅನಾಥವಾಗಿದೆ ಎಂದೇ ತಿಳಿಯಿರಿ.

ಹಳಬರು ಕೇಳಬಹುದು, ‘ನಮ್ಮ ಕಾಲದ ಫಾಂಟುಗಳಲ್ಲಿ ಈ ತಾಪತ್ರಯ ಇರಲಿಲ್ಲವಲ್ಲ?’ ಇತ್ತು ಸ್ವಾಮಿ, ಬೇರೆ ವೇಷದಲ್ಲಿ ಇತ್ತು. ಆ ಫಾಂಟುಗಳು ಅಕ್ಷರವನ್ನಲ್ಲ, ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿದ್ದವು. ಅಂಥ ಕಡತದ ಫಾಂಟ್ ಕಳಚಿದರೆ ಕರ್ನಾಟಕ ಹೀಗೆ ಕಾಣುತ್ತದೆ:

```
PÀ£ÁðlPÀ
```

ಎಂಟು ತುಣುಕು. ಕಕಾರಕ್ಕೇ ಎರಡು ತುಣುಕು, ಅವೆರಡರ ನಡುವೆಯೂ ಕರ್ಸರ್ ನಿಲ್ಲುತ್ತಿತ್ತು. ಅರ್ಕಾವೊತ್ತು ಮಾತ್ರ ಕಣ್ಣಿಗೆ ಕಂಡ ಜಾಗದಲ್ಲೇ ಇತ್ತು, ಅದಕ್ಕೇ ಕತ್ತರಿಸಿದಾಗ ಮೋಸ ಕಾಣುತ್ತಿರಲಿಲ್ಲ. ಯೂನಿಕೋಡ್ ಬಂದು ಬರಹಕ್ಕೆ ನಿಜವಾದ ಕ್ರಮ ಕೊಟ್ಟಿತು. ಆದರೆ ಅಕ್ಷರದ ಗಡಿ ಗುರುತಿಸುವ ಕೆಲಸ ತಂತ್ರಾಂಶದ ತಲೆಗೆ ಬಂತು.

ಈಗ ಕೆಲಸಕ್ಕೆ ಇಳಿಯೋಣ. ನಮ್ಮ ಕರಪತ್ರವೊಂದರ ಸಾಲು ಇದು: ‘ಕರ್ನಾಟಕದಲ್ಲಿರುವ ಬ್ಯಾಂಕ್‌ಗಳಲ್ಲಿ ಕನ್ನಡ ಬಳಸಿ.’ ಸಾಲು ಉದ್ದವಾಯಿತು, ‘ಕರ್ನಾಟಕದ ಬ್ಯಾಂಕ್‌ಗಳಲ್ಲಿ’ ಎಂದು ತಿದ್ದಬೇಕು. ಮೌಸ್ ಮುಟ್ಟದೆ ಮಾಡೋಣ.

ಕಂಟ್ರೋಲ್ ಕೀಲಿ ಹಿಡಿದು ಬಾಣ ಒತ್ತಿದರೆ ಕರ್ಸರ್ ಪದದಿಂದ ಪದಕ್ಕೆ ಜಿಗಿಯುತ್ತದೆ. ಇಂಗ್ಲಿಷಿಗೆ ಇದು ಬಹುಪಾಲು ಸಾಕು. ನಮಗೆ ಸಾಲದು. ಅವರಲ್ಲಿ ‘ಇನ್’ ಬೇರೆ ಪದ, ನಮ್ಮಲ್ಲಿ ‘ಅಲ್ಲಿ’ ಪದದ ಹೊಟ್ಟೆಯೊಳಗೇ ಇರುತ್ತದೆ. ಕನ್ನಡದಲ್ಲಿ ತಿದ್ದಬೇಕಾದದ್ದು ಹೆಚ್ಚಾಗಿ ಪದದ ಬಾಲ. ಹಾಗಾಗಿ ಪದದ ಜಿಗಿತ, ಅಕ್ಷರದ ಹೆಜ್ಜೆ, ಎರಡನ್ನೂ ಸೇರಿಸಿ ಬಳಸಬೇಕು.

ಹೋಮ್ ಕೀಲಿ ಒತ್ತಿ, ಸಾಲಿನ ಮೊದಲಿಗೆ ಬನ್ನಿ. ಬಲಬಾಣ ಐದು ಸಲ: ಕ, ರ್ನಾ, ಟ, ಕ, ದ. ಈಗ ಶಿಫ್ಟ್ ಮತ್ತು ಕಂಟ್ರೋಲ್ ಎರಡನ್ನೂ ಹಿಡಿದು ಬಲಬಾಣ ಒಂದು ಸಲ. ‘ಲ್ಲಿರುವ’ ಎಂಬ ಬಾಲ ಪೂರ್ತಿ ಬಣ್ಣವಾಗುತ್ತದೆ. ಆದರೆ ವಿಂಡೋಸ್‌ನ ಬಹುತೇಕ ತಂತ್ರಾಂಶಗಳಲ್ಲಿ ಜಿಗಿತ ನಿಲ್ಲುವುದು ಮುಂದಿನ ಪದದ ಮೊದಲಿಗೆ. ಅಂದರೆ ನಡುವಿನ ಖಾಲಿ ಜಾಗವೂ ಆಯ್ಕೆಯೊಳಗೆ ಬಂದಿರುತ್ತದೆ. ಹಾಗೆಯೇ ಅಳಿಸಿದರೆ ಎರಡು ಪದ ಅಂಟಿಕೊಳ್ಳುತ್ತವೆ. ಅದಕ್ಕೆ ಕಂಟ್ರೋಲ್ ಬಿಟ್ಟು, ಶಿಫ್ಟ್ ಮಾತ್ರ ಹಿಡಿದು ಎಡಬಾಣ ಒಂದು ಸಲ. ಖಾಲಿ ಜಾಗ ಹೊರಬಂತು. ಈಗ ಡಿಲೀಟ್. ಮುಗಿಯಿತು. ಮ್ಯಾಕ್ ಗಣಕದಲ್ಲಿ ಕಂಟ್ರೋಲ್ ಬದಲು ಆಪ್ಷನ್ ಕೀಲಿ. ಅಲ್ಲಿ ಜಿಗಿತ ಪದದ ಕೊನೆಗೇ ನಿಲ್ಲುವುದರಿಂದ ಹಿಂದೆ ಬರುವ ಕೆಲಸವಿಲ್ಲ.

ಇದೇ ಕೆಲಸವನ್ನು ಐದರ ಲೆಕ್ಕದ ತಂತ್ರಾಂಶದಲ್ಲಿ, ಪರದೆ ನೋಡದೆ, ಬೆರಳ ಲೆಕ್ಕದಲ್ಲೇ ಮಾಡಿ ನೋಡಿ. ಐದು ಬಾಣಕ್ಕೆ ಕರ್ಸರ್ ‘ದ’ಕಾರದ ಹಿಂದೆಯೇ ನಿಂತಿರುತ್ತದೆ. ಬಾಲದ ಜೊತೆ ‘ದ’ವೂ ಹಾರಿಹೋಗಿ ‘ಕರ್ನಾಟಕ ಬ್ಯಾಂಕ್‌ಗಳಲ್ಲಿ ಕನ್ನಡ ಬಳಸಿ’ ಎಂದು ಉಳಿಯುತ್ತದೆ. ನಾಡಿನ ಎಲ್ಲ ಬ್ಯಾಂಕುಗಳಿಗೂ ಕೊಟ್ಟ ಕರೆ ಒಂದೇ ಬ್ಯಾಂಕಿನ ಹೆಸರಿನಂತೆ ಕೇಳಿಸುತ್ತದೆ! ಕಾಗುಣಿತ ತಪ್ಪಿಲ್ಲ, ಹಾಗಾಗಿ ಕರಡು ತಿದ್ದುವವರ ಕಣ್ಣಿಗೂ ಬೀಳುವುದಿಲ್ಲ.

ಕೆಲವು ತಂತ್ರಾಂಶಗಳಲ್ಲಿ ಪದದ ಜಿಗಿತವೇ ಕೆಟ್ಟಿರುತ್ತದೆ. ‘ಕನ್ನಡ’ ಪದದ ಮೇಲೆ ಮೌಸ್ ಎರಡು ಸಲ ಒತ್ತಿದರೆ ಪೂರ್ತಿ ಪದದ ಬದಲು ಒಂದು ತುಂಡು ಮಾತ್ರ ಬಣ್ಣವಾಗುತ್ತದೆ. ಅಲ್ಲಿ ವ್ಯಂಜನ, ಸ್ವರಗಳನ್ನು ಮಾತ್ರ ‘ಪದದ ಅಕ್ಷರ’ ಎಂದು ಎಣಿಸಿ, ಅರ್ಧಾಕ್ಷರದ ಗುರುತನ್ನೂ ಗುಣಿತದ ಚಿಹ್ನೆಗಳನ್ನೂ ಚುಕ್ಕಿ, ಅಲ್ಪವಿರಾಮಗಳ ಸಾಲಿಗೆ ತಳ್ಳಿರುತ್ತಾರೆ. ಅವರ ಲೆಕ್ಕದಲ್ಲಿ ‘ಕನ’ ಒಂದು ಪದ, ‘ನಡ’ ಇನ್ನೊಂದು.

ಹಾಗಾದರೆ ಅಕ್ಷರದ ಒಳಗೆ ಕೈ ಹಾಕುವುದೇ ಬೇಡವೇ? ಬೇಕು. ‘ಸ್ತ್ರೀ’ ಬರೆಯಲು ಹೋಗಿ ‘ಸ್ತೀ’ ಆಯಿತು ಅನ್ನಿ. ಪೂರ್ತಿ ಅಳಿಸಬೇಕಾಗಿಲ್ಲ. ಅಕ್ಷರದ ಕೊನೆಯಲ್ಲಿ ನಿಂತು ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿ. ಬಹುತೇಕ ತಂತ್ರಾಂಶಗಳಲ್ಲಿ ಅದು ಕೊನೆಯ ಸಂಕೇತವನ್ನು ಮಾತ್ರ ತೆಗೆಯುತ್ತದೆ. ದೀರ್ಘ ಹೋಗಿ ‘ಸ್ತ’ ಉಳಿಯಿತು. ಈಗ ರಕಾರದ ಒತ್ತು, ದೀರ್ಘ ಸೇರಿಸಿ. ಕಣ್ಣಿಗೆ ಆ ದೀರ್ಘ ಸಕಾರದ ಜೊತೆ ಮೇಲೆ ಕಂಡರೂ ಒಳಗೆ ಇರುವುದು ಎಲ್ಲಕ್ಕಿಂತ ಕೊನೆಯಲ್ಲಿ, ನೆನಪಿರಲಿ. ಡಿಲೀಟ್ ಕೀಲಿಯ ಸ್ವಭಾವ ಬೇರೆ. ಒಳ್ಳೆಯ ತಂತ್ರಾಂಶದಲ್ಲಿ ಅದು ಮುಂದಿನ ಅಕ್ಷರವನ್ನು ಇಡಿಯಾಗಿ ತೆಗೆಯುತ್ತದೆ. ಬಾಣ ಅಕ್ಷರದ ಲೆಕ್ಕ, ಬ್ಯಾಕ್‌ಸ್ಪೇಸ್ ಸಂಕೇತದ ಲೆಕ್ಕ. ಇದು ತಪ್ಪಲ್ಲ, ಇದೇ ಸರಿ.

ಕೊನೆಯ ಮಾತು, ಕೊಂಚ ಖಾರದ ಮಾತು. ಐದರ ಲೆಕ್ಕ ಎಲ್ಲಿಂದ ಬಂತು? ಅದು ಯೂನಿಕೋಡ್‌ನ ಸಾಮಾನ್ಯ ನಿಯಮ. ಇದು ಭಾರತದ ಲಿಪಿಗಳಿಗೆ ಒಗ್ಗುವುದಿಲ್ಲ ಎಂದು 2023ರ 15.1ನೇ ಆವೃತ್ತಿಯಲ್ಲಿ ಹೊಸ ನಿಯಮ ತಂದರು: ಅರ್ಧಾಕ್ಷರದ ಗುರುತಿನ ಮುಂದೆ ವ್ಯಂಜನ ಬಂದರೆ ಅಲ್ಲಿ ಒಡೆಯಬೇಡಿ ಎಂದು. ಆ ಆವೃತ್ತಿಯಲ್ಲಿ ಅದು ಅನ್ವಯವಾದದ್ದು ಆರು ಲಿಪಿಗಳಿಗೆ. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ? ಇರಲಿಲ್ಲ! ನಮ್ಮ ಲಿಪಿಯ ಒಡಹುಟ್ಟಿದ ತೆಲುಗು ಒಳಗೆ, ನಾವು ಹೊರಗೆ.

ತೆಲುಗರ ಮೇಲೆ ಸಿಟ್ಟಾಗಬೇಡಿ, ಅವರಿಗೆ ಸಿಕ್ಕಿದ್ದು ನ್ಯಾಯ. ‘ಯೂನಿಕೋಡ್‌ನಲ್ಲೇ ಇಲ್ಲ, ನಾವೇನು ಮಾಡೋಣ’ ಎಂದು ಕೈಚೆಲ್ಲುವ ಕಂಪನಿಗಳ ಮಾತನ್ನೂ ನಂಬಬೇಡಿ. ಅದು ಕನಿಷ್ಠ ನಿಯಮ ಅಷ್ಟೇ. ಆಯಾ ಭಾಷೆಗೆ ತಕ್ಕಂತೆ ತಿದ್ದಿಕೊಳ್ಳಲು ಯೂನಿಕೋಡೇ ಅವಕಾಶ ಕೊಟ್ಟಿದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಕನ್ನಡಕ್ಕೆ ಪೂರ್ತಿ ಅಕ್ಷರದ ಹೆಜ್ಜೆ ಕೊಡಲು ಯಾರ ಅಡ್ಡಿಯೂ ಇಲ್ಲ.

ಆದ್ದರಿಂದ ದೂರು ಬರೆಯಿರಿ. ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂದು ಬರೆದರೆ ಕಸದ ಬುಟ್ಟಿಗೆ ಹೋಗುತ್ತದೆ. ಹೀಗೆ ಬರೆಯಿರಿ: ಪದ ‘ಕರ್ನಾಟಕ’. ಬಲಬಾಣಕ್ಕೆ ನಾಲ್ಕು ನಿಲುಗಡೆ ಇರಬೇಕು, ನಿಮ್ಮಲ್ಲಿ ಐದಿವೆ. ಶಿಫ್ಟ್ ಹಿಡಿದು ಎರಡು ಸಲ ಒತ್ತಿ ಕತ್ತರಿಸಿದರೆ ‘ಟಕ’ ಉಳಿಯಬೇಕು, ನಿಮ್ಮಲ್ಲಿ ‘ನಾಟಕ’ ಉಳಿಯುತ್ತಿದೆ. ತಂತ್ರಾಂಶದ ಆವೃತ್ತಿಯ ಸಂಖ್ಯೆ ಸೇರಿಸಿ. ಕನ್ನಡ ಓದಲು ಬಾರದ ಎಂಜಿನಿಯರ್ ಕೂಡ ಇದನ್ನು ತನ್ನ ಮೇಜಿನ ಮೇಲೆ ಪರೀಕ್ಷಿಸಬಲ್ಲ.

ಇವತ್ತು ಮನೆಗೆ ಹೋದವರೇ ನಿಮ್ಮ ನಿಮ್ಮ ಗಣಕದಲ್ಲಿ ನಾಡಿನ ಹೆಸರು ಬರೆದು ಬಾಣ ಒತ್ತಿ ಎಣಿಸಿ. ನಾಲ್ಕಕ್ಕಿಂತ ಒಂದು ಹೆಚ್ಚಾದರೂ ಬಿಡಬೇಡಿ.